ವೈಟ್‌ಫೀಲ್ಡಿನ ಆಟದಂಗಡಿ ಮತ್ತು ಮೂರು ಪ್ರಶ್ನೆಗಳು

ಚಿಕ್ಕಬಾಣಾವರ

ನಮ್ಮ ಬೀದಿಯಲ್ಲಿ ವಿದೇಶ ನೋಡಿ ಬಂದವರು ಮೂವರಿದ್ದೇವೆ. ಒಬ್ಬರು ದುಬೈಗೆ ಹೋಗಿದ್ದರು, ಇನ್ನೊಬ್ಬರು ಸಿಂಗಪುರಕ್ಕೆ. ನಾನು ವೈಟ್‌ಫೀಲ್ಡಿಗೆ. ನಗುವವರು ನಗಲಿ. ದುಬೈಗೆ ಹೋದವರು ವಿಮಾನದಲ್ಲಿ ಒಂದು ನಿದ್ದೆ ತೆಗೆದು ಎದ್ದಾಗ ಊರು ಬಂದಿತ್ತಂತೆ. ನಾನು ಬಸ್ಸಿನಲ್ಲಿ ಎರಡು ನಿದ್ದೆ ತೆಗೆದು ಎದ್ದರೂ ಮಾರತ್ತಹಳ್ಳಿ ಸೇತುವೆ ಹಾಗೇ ನಿಂತಿತ್ತು. ಇಳಿದ ಮೇಲೆ ನಮ್ಮ ಭಾಷೆ ನಡೆಯಲಿಲ್ಲ, ನಮ್ಮ ಮುಖ ನೋಡಿ ಯಾರೂ ಗುರುತು ಹಿಡಿಯಲಿಲ್ಲ, ಒಳಗೆ ಬಿಡುವ ಮುನ್ನ ಫೋಟೊ ತೆಗೆದರು. ಇಷ್ಟೆಲ್ಲ ಆದ ಮೇಲೂ ಅದು ವಿದೇಶವಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಹೋದದ್ದು ಮೂವರು. ನಾನು, ನನ್ನ ತಮ್ಮ ನಂಜುಂಡ, ಅವನ ಮಗಳು ಚಿನ್ಮಯಿ. ನಂಜುಂಡ ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಇನ್‌ಸ್ಪೆಕ್ಷನ್ ಕೆಲಸದವನು. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೆ ಅವನಿಗೆ ಸಂಬಳ. ಯಾವ ವಸ್ತು ಕೈಗೆ ಸಿಕ್ಕರೂ ಅದರ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಎಳೆದು ನೋಡುತ್ತಾನೆ. ನಮ್ಮ ಮನೆಯ ದೋಸೆ ಕಾವಲಿಯನ್ನೂ ಬಿಟ್ಟಿಲ್ಲ. ಹೆಂಡತಿ ತೀರಿಕೊಂಡಾಗ ಚಿನ್ಮಯಿ ಐದು ವರ್ಷದವಳು, ಈಗ ಒಂಬತ್ತು. ಅಂದಿನಿಂದ ಆ ಮಗು ಒಂದು ರಾತ್ರಿಯೂ ಅಪ್ಪನನ್ನು ಬಿಟ್ಟು ಮಲಗಿಲ್ಲ. ಗೋಡೆಯಾಚೆಗೆ ಇರುವ ನನ್ನ ಮನೆಯಲ್ಲಿ ಕೂಡ.

ವೈಟ್‌ಫೀಲ್ಡಿನಲ್ಲಿ ಇದ್ದದ್ದು ಶೈಲಜಾ. ತುಮಕೂರಿನ ಕಡೆಯವಳು, ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ, ಗಂಡನಿಂದ ಬೇರೆಯಾಗಿ ಬಹಳ ಕಾಲವಾಗಿದೆ, ಹನ್ನೆರಡು ವರ್ಷದ ಮಗ ಅಭಯ್ ಇದ್ದಾನೆ. ನಂಜುಂಡನ ಭುಜ ಹಿಡಿದುಕೊಂಡಾಗ ಅದನ್ನು ಬಿಡಿಸಿದವಳು ಅವಳೇ. ಭುಜ ಸರಿಯಾದ ಮೇಲೂ ಇವನು ಆಸ್ಪತ್ರೆಗೆ ಹೋಗುತ್ತಲೇ ಇದ್ದುದನ್ನು ಕಂಡು ನಾನು ವಿಚಾರಿಸಿದೆ. ಮದುವೆಗೆ ಎರಡೂ ಕಡೆಯ ದೊಡ್ಡವರು ಒಪ್ಪಿಯಾಗಿತ್ತು. ಆದರೆ ಶೈಲಜಾ ಒಂದು ಮಾತು ಹೇಳಿದ್ದಳು. ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಬೇಡವೆನಿಸಿದರೂ ಇದನ್ನು ಇಲ್ಲಿಗೇ ಬಿಡೋಣ, ಮಕ್ಕಳನ್ನು ಎಳೆದಾಡುವುದು ಬೇಡ ಅಂತ.

ಮಕ್ಕಳ ಮೊದಲ ಭೇಟಿ ಒಂದು ಮಾಲ್‌ನಲ್ಲಿ ನಡೆದಿತ್ತು. ಇಬ್ಬರೂ ಮಾತಾಡಿದ್ದು ಮಾಣಿಯ ಜೊತೆ ಮಾತ್ರ. ಈ ಶನಿವಾರದ ಊಟ ಎರಡನೆಯ ಭೇಟಿ. ಇದೂ ಹಾಗೇ ಆದರೆ ಮೂರನೆಯದು ಇರುವುದಿಲ್ಲ ಎಂದು ನಂಜುಂಡನಿಗೆ ಗೊತ್ತಿತ್ತು. ಅವನು ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ.

ಹೋಪ್ ಫಾರ್ಮ್

ಪೀಣ್ಯದ ಕಡೆಯವರು ಆ ರಸ್ತೆಯನ್ನು ನಂಬುವುದಿಲ್ಲ. ನಾವು ಕತ್ತಲಿರುವಾಗಲೇ ಎದ್ದು ಹೊರಟೆವು. ಅಂದು ಏನು ಗ್ರಹಚಾರವೋ, ಮಾರತ್ತಹಳ್ಳಿ ಬಿಟ್ಟರೆ ಮತ್ತೆಲ್ಲೂ ಬಸ್ಸು ಟ್ರಾಫಿಕ್ಕಿನಲ್ಲಿ ನಿಲ್ಲಲಿಲ್ಲ. ಊಟಕ್ಕೆ ಕರೆದವರ ಮನೆಗೆ ತಿಂಡಿಯ ಹೊತ್ತಿಗೆ ಹೋಗಿ ನಿಲ್ಲುವುದು ಹೇಗೆ? ಹೋಪ್ ಫಾರ್ಮ್ ಹತ್ತಿರ ಇಳಿದು, ಕಾಲ ಕಳೆಯಲು ಜಾಗ ಹುಡುಕತೊಡಗಿದೆವು.

ಆ ದೇಶದ ಜನರ ಬಗ್ಗೆ ಎರಡು ಮಾತು. ಎಲ್ಲರ ಕುತ್ತಿಗೆಯಲ್ಲೂ ಒಂದು ದಾರ, ದಾರದ ತುದಿಯಲ್ಲಿ ಅವರದೇ ಫೋಟೊ. ಶನಿವಾರವೂ ತೆಗೆಯುವುದಿಲ್ಲ. ನಮ್ಮಲ್ಲಿ ಕೊಟ್ಟಿಗೆಯ ಹಸುವಿನ ಕಿವಿಗೆ ಬಿಲ್ಲೆ ಹಾಕುತ್ತೇವೆ, ಅಷ್ಟೇ ವ್ಯತ್ಯಾಸ. ಎಳನೀರಿನವನನ್ನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಟ್ಟ. ಆಮೇಲೆ ಕಾಯಿ ಜಾರಿ ಕಾಲಿನ ಮೇಲೆ ಬಿದ್ದಾಗ ಅಚ್ಚ ಕೋಲಾರದ ಕನ್ನಡದಲ್ಲಿ ಅದನ್ನು ಬೈದ. ಆ ಊರಿನಲ್ಲಿ ಕನ್ನಡ ಬೈಗುಳಕ್ಕೆ ಮಾತ್ರ ಮೀಸಲಾಗಿರಬೇಕು ಎಂದು ನಾನು ತಿಳಿದುಕೊಂಡೆ.

ನಂಜುಂಡ ಇದಾವುದನ್ನೂ ನೋಡುತ್ತಿರಲಿಲ್ಲ. ಅವನ ಕೈ ಖಾಲಿ ಇತ್ತು, ಅದೇ ಅವನ ಚಿಂತೆ. ಮಕ್ಕಳಿಗೆ ಗಿಫ್ಟು ತರಬೇಡಿ, ಲಂಚ ಅಂತ ಅವರಿಗೆ ಗೊತ್ತಾಗಿಬಿಡುತ್ತೆ ಎಂದು ಶೈಲಜಾ ಫೋನಿನಲ್ಲಿ ಹೇಳಿದ್ದಳು.

"ಅಕ್ಕ, ಊಟ ಆದ್ಮೇಲೆ ಏನ್ ಮಾಡೋದು?" ಎಂದು ಕೇಳಿದ. ಬೆಳಗಿನಿಂದ ಅದನ್ನೇ ಕೇಳುತ್ತಿದ್ದ.

"ಬಾಳೆಹಣ್ಣು ತಿನ್ನೋದು."

"ತಮಾಷೆ ಮಾಡ್ಬೇಡ. ಊಟ ಅಂದ್ರೆ ತಟ್ಟೆ ನೋಡ್ಕೊಂಡಿರಬಹುದು. ಆಮೇಲೆ?"

ಅಷ್ಟರಲ್ಲಿ ಚಿನ್ಮಯಿ ಒಂದು ಕಾಂಪ್ಲೆಕ್ಸಿನ ಕೆಳಮಹಡಿಯ ಗಾಜಿನ ಮುಂದೆ ನಿಂತುಬಿಟ್ಟಿದ್ದಳು. ಒಳಗೆ ನೆಲದಿಂದ ಸೂರಿನವರೆಗೆ ಬಣ್ಣದ ಪೆಟ್ಟಿಗೆಗಳು. ಆಟದ ಸಾಮಾನಿನ ಅಂಗಡಿ ಅಂದುಕೊಂಡೆ. ಆದರೆ ಒಂದೂ ಗೊಂಬೆ ಇರಲಿಲ್ಲ, ಕಾರಿರಲಿಲ್ಲ. ಎಲ್ಲ ಮೇಜಿನ ಸುತ್ತ ಕೂತು ಆಡುವ ಆಟಗಳೇ. ಇಂಥವಕ್ಕೂ ಒಂದು ಅಂಗಡಿ ಇರುತ್ತದೆ ಎಂಬುದು ನಮಗೆ ಹೊಸ ಸುದ್ದಿ. ಎಲ್ಲರೂ ಕೂತು ಆಡುವ ಆಟ ಲಂಚವಾಗುವುದಿಲ್ಲ ಎಂದು ನಂಜುಂಡ ಬಾಗಿಲು ತಳ್ಳಿದ.

ಅಂಗಡಿ

ಅಂಗಡಿಯವರು ದಪ್ಪಗಿನ ಮನುಷ್ಯ, ಮೆಲುದನಿ. "ಬರ್ರಿ, ಒಳಗ ಬರ್ರಿ" ಎಂದರು. ನನಗೆ ಊರಿಗೆ ವಾಪಸು ಬಂದಂತಾಯಿತು. ನಮ್ಮ ವಠಾರದ ನಾಲ್ಕು ರೂಮಿನಲ್ಲೂ ಬಾಡಿಗೆಗೆ ಇರುವವರು ಬಾಗಲಕೋಟೆ, ರಾಯಚೂರಿನ ಹುಡುಗರು, ಪೀಣ್ಯದಲ್ಲಿ ಕೆಲಸ ಮಾಡುವವರು. ಆ ಮಾತು ನನ್ನ ಕಿವಿಗೆ ರೂಢಿ. ಇವರು ಗದಗಿನವರು, ಹೆಸರು ಶಂಕರಗೌಡ. ವಿದೇಶದಲ್ಲಿ ನಮ್ಮವರು ಸಿಕ್ಕರೆ ಆಗುವ ಖುಷಿ ಏನೆಂದು ಅಂದು ತಿಳಿಯಿತು.

ಚಿನ್ಮಯಿ ಮೂಲೆಯ ಮೇಜಿನ ಮೇಲಿದ್ದ ಮರದ ಒಗಟಿನ ತುಂಡುಗಳನ್ನು ಜೋಡಿಸಲು ಕೂತಳು. ನಂಜುಂಡ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಒಂದು ಒಳ್ಳೇ ಆಟ ಕೊಡಿ ಸಾರ್" ಎಂದ.

"ಎಲ್ಲಾ ಛಲೋನ ಅದಾವ್ರಿ. ಯಾರಿಗೆ ಛಲೋ ಅನ್ನೋದು ಬ್ಯಾರೆ ಮಾತು. ಮೂರು ಪ್ರಶ್ನಿ ಕೇಳ್ತೀನಿ. ಖರೇ ಹೇಳ್ರಿ, ಅಷ್ಟ ಸಾಕು."

ಮೊದಲನೆಯದು: "ಮೇಜಿನ ಸುತ್ತ ಯಾರ್ಯಾರು ಕುಂದರ್ತೀರಿ?"

"ಐದು ಜನ."

"ಎಷ್ಟು ಮಂದಿ ಅಂತ ಅಲ್ರಿ. ಯಾರ್ಯಾರು?"

ನಂಜುಂಡ ಹೇಳಿದ. ಒಂಬತ್ತು ವರ್ಷದ ಹುಡುಗಿ, ಹನ್ನೆರಡು ವರ್ಷದ ಹುಡುಗ, ತಾನು, ಒಬ್ಬರು ಮೇಡಂ, ಅಕ್ಕ. ಹುಡುಗಿ ಕನ್ನಡ ಮೀಡಿಯಂ, ಹುಡುಗ ಇಂಗ್ಲಿಷ್ ಶಾಲೆ. ಶಂಕರಗೌಡರು ಒಂದು ಗೋಡೆಯ ಪೆಟ್ಟಿಗೆಗಳಿಗೆ ಪೂರಾ ಬೆನ್ನು ಹಾಕಿದರು. ಪೆಟ್ಟಿಗೆಯ ಬದಿಯಲ್ಲಿ ಎರಡರಿಂದ ನಾಲ್ಕು ಎಂದು ಬರೆದಿದ್ದರೆ ಐದನೆಯವರು ನೋಡುತ್ತ ಕೂರಬೇಕು, ನೋಡುತ್ತ ಕೂತವರು ಸ್ವಲ್ಪ ಹೊತ್ತಿಗೆ ಎದ್ದು ಅಡಿಗೆಮನೆಗೆ ಹೋಗುತ್ತಾರೆ, ಅವರ ಹಿಂದೆ ಇನ್ನೊಬ್ಬರು ಹೋಗುತ್ತಾರೆ ಎಂದು ವಿವರಿಸಿದರು. ಆಮೇಲೆ ಕಾರ್ಡಿನ ಮೇಲೆ ಇಂಗ್ಲಿಷಿನಲ್ಲಿ ಸಾಲುಗಟ್ಟಲೆ ಬರೆದಿರುವ ಆಟಗಳನ್ನೂ ಬಿಟ್ಟರು. ಹುಡುಗಿ ಪ್ರತಿ ಸಲ ಅಪ್ಪನಿಗೆ ತೋರಿಸಿ ಅರ್ಥ ಕೇಳಬೇಕಾದರೆ ಅದು ಅವಳ ಆಟವಾಗುವುದಿಲ್ಲ. ಅಂಕಿಯೋ ಬಣ್ಣವೋ ಇದ್ದರೆ ಎಲ್ಲರೂ ಸಮ.

ಎರಡನೆಯದು: "ಮಕ್ಕಳು ಕಡೀಕ ಖುಷಿಲೆ ಆಡಿದ ಆಟ ಯಾವುದ್ರಿ?"

"ಹುಡುಗ ಚೆಸ್ ಆಡ್ತಾನಂತೆ ಸಾರ್, ಶಾಲೇಲಿ ಮೆಡಲ್ ಬಂದಿದೆ. ನನ್ ಮಗಳು ಚೌಕಾಬಾರ ಆಡ್ತಾಳೆ. ನನ್ ಜೊತೆ. ಯಾವಾಗ್ಲೂ ಅವಳೇ ಗೆಲ್ಲೋದು."

"ಯಾವಾಗ್ಲೂ?"

ನಂಜುಂಡ ಮೂಲೆಯ ಕಡೆ ನೋಡಿ ದನಿ ತಗ್ಗಿಸಿದ. "ನಾನು ಸೋಲ್ತೀನಿ ಸಾರ್. ತಾಯಿ ಇಲ್ಲದ ಮಗು."

"ಈಗೂ ಆಡ್ತಾಳೇನ್ರಿ?"

"ಇಲ್ಲ... ಈಚೆಗೆ ಕವಡೆ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟಿದ್ದಾಳೆ. ಬೇಜಾರು ಅಂತಾಳೆ."

ಶಂಕರಗೌಡರು ಇನ್ನಷ್ಟು ಪೆಟ್ಟಿಗೆಗಳನ್ನು ಪಕ್ಕಕ್ಕೆ ಸರಿಸಿದರು. ಯೋಚಿಸಿ ಗೆಲ್ಲುವ ಆಟವಾದರೆ ಚೆಸ್ ಹುಡುಗ ಪ್ರತಿ ಸಲ ಗೆಲ್ಲುತ್ತಾನೆ. ಬರೀ ದಾಳದ ಆಟವಾದರೆ ಅವನಿಗೆ ಎರಡು ಸುತ್ತಿಗೇ ಬೇಸರ. ಅಪ್ಪ ಬೇಕೆಂದೇ ಸೋಲಲು ಅವಕಾಶವಿರುವ ಆಟವಂತೂ ಈ ಹುಡುಗಿಗೆ ಬೇಡವೇ ಬೇಡ.

ಮೂರನೆಯ ಪ್ರಶ್ನೆಯನ್ನು ಅವರು ಗಲ್ಲಾದ ಮೇಲೆ ಮೊಣಕೈ ಊರಿ ಕೇಳಿದರು. "ಆಟ ಮುಗದ ಮ್ಯಾಲೆ ಏನಾಗ್ಬೇಕ್ರಿ?"

ನಂಜುಂಡನ ಕಿವಿ ಕೆಂಪಾಯಿತು. "ಏನಿಲ್ಲ ಸಾರ್. ಸುಮ್ನೆ ಟೈಂಪಾಸ್ ಆದ್ರೆ ಸಾಕು."

"ಹಂಗಾರ ಇದನ್ನ ಒಯ್ರಿ." ಅವರು ಇಳಿಸಿದ್ದು ಮರದ ಕಡ್ಡಿಗಳನ್ನು ಗೋಪುರದ ಹಾಗೆ ಪೇರಿಸಿ, ಒಂದೊಂದಾಗಿ ಎಳೆದು ಮೇಲಿಡುವ ಆಟ. ಬೀಳಿಸಿದವರು ಸೋತರು, ಅಷ್ಟೇ. ಓದಬೇಕಿಲ್ಲ, ಹೇಳಿಕೊಡಬೇಕಿಲ್ಲ, ಎಷ್ಟು ಜನವಾದರೂ ಆದೀತು. ನನಗೆ ಹಿಡಿಸಿತು. ನಂಜುಂಡ ಪೆಟ್ಟಿಗೆಯ ಅಂಚಿನ ಮೇಲೆ ಉಗುರು ಎಳೆದ, ಮತ್ತೆ ಎಳೆದ. ಶಂಕರಗೌಡರು ಚೀಲಕ್ಕೆ ಹಾಕಿದ ಮೇಲೂ ಅವನು ಚೀಲ ತೆಗೆದುಕೊಳ್ಳಲಿಲ್ಲ.

"ಇದು ಬಿದ್ದಾಗ ಎಲ್ರೂ ಹೋ ಅಂತಾರೆ. ಆಮೇಲೆ ಮತ್ತೆ ಸುಮ್ಮನಾಗ್ಬಿಡ್ತಾರೆ ಅಲ್ವಾ ಸಾರ್?"

"ಆಗ್ತಾರ್ರಿ. ನೀವ ಟೈಂಪಾಸ್ ಅಂದ್ರಿ."

ನಂಜುಂಡ ನನ್ನ ಕಡೆ ನೋಡಿದ. ನಾನು ಗಾಜಿನಾಚೆಯ ಎಳನೀರಿನವನ ಕಡೆ ನೋಡಿದೆ. ಇಂಥ ಹೊತ್ತಿನಲ್ಲಿ ಅಕ್ಕಂದಿರು ಬಾಯಿ ಹಾಕಬಾರದು. ಕೊನೆಗೆ ಅವನೇ ಹೇಳಿದ, ಮದುವೆಯ ವಿಚಾರ, ಮಾಲ್‌ನಲ್ಲಿ ಆದದ್ದು, ಶೈಲಜಾ ಹೇಳಿದ ಮಾತು, ಎಲ್ಲ. "ಆ ಮಕ್ಕಳಿಬ್ರೂ ಒಬ್ರಿಗೊಬ್ರು ಮಾತಾಡ್ಬೇಕು ಸಾರ್. ನಮ್ ಹತ್ರ ಅಲ್ಲ, ಅವರವರೇ. ಇವತ್ತು ಆಗ್ಲಿಲ್ಲ ಅಂದ್ರೆ ಮುಗೀತು."

"ಇದನ್ನ ಮೊದಲ ಹೇಳಬಾರದೇನ್ರಿ" ಎಂದು ಶಂಕರಗೌಡರು ಗೋಪುರವನ್ನು ಚೀಲದಿಂದ ತೆಗೆದು ಮೇಲಿಟ್ಟರು.

ಮುಂದೆ ತೆಗೆದದ್ದು ಎಲ್ಲರೂ ಒಂದೇ ಪಕ್ಷವಾಗಿ ಆಡುವ ಆಟ. ಮುಳುಗುತ್ತಿರುವ ಒಂದು ದ್ವೀಪದಿಂದ ಸಾಮಾನುಗಳನ್ನು ಎತ್ತಿಕೊಂಡು ಎಲ್ಲರೂ ಪಾರಾಗಬೇಕು. ಪಾರಾದರೆ ಎಲ್ಲರೂ ಗೆದ್ದರು, ಮುಳುಗಿದರೆ ಎಲ್ಲರೂ ಸೋತರು. ಮಾದರಿಗೆಂದು ಬಿಚ್ಚಿಟ್ಟ ಪೆಟ್ಟಿಗೆಯಿಂದ ಆಟದ ಹಾಸನ್ನು ತೆಗೆದು ಹರವಿ ನನ್ನನ್ನೂ ನಂಜುಂಡನನ್ನೂ ಕೂರಿಸಿದರು. ಮೊದಲ ಸುತ್ತು ಚೆನ್ನಾಗೇ ನಡೆಯಿತು. ಎರಡನೆಯ ಸುತ್ತಿನಲ್ಲಿ ನಂಜುಂಡ, "ಅಕ್ಕ, ಅಲ್ಲಲ್ಲ, ಇಲ್ಲಿಗೆ ಹೋಗು" ಎಂದ. ಮೂರನೆಯದರಲ್ಲಿ ನನ್ನ ಕಾಯಿಯನ್ನು ಅವನೇ ಎತ್ತಿ ನಡೆಸಿದ. ಆಮೇಲೆ ಶಂಕರಗೌಡರದನ್ನೂ.

"ಸಾಕ್ರಿ" ಎಂದು ಅವರು ಹಾಸನ್ನು ಮಡಚಿದರು. "ಕೂಡಿ ಆಡೋ ಆಟಕ್ಕ ಇದೊಂದು ರೋಗ ಐತಿ. ಎಲ್ಲಾ ಮುಂದ ತೆರೆದ ಇರತೈತಿ, ಬಲ್ಲಾಂವ ಒಬ್ಬನ ಎಲ್ಲಾರ ಕೈಲೂ ಆಡಸ್ತಾನ. ನೀವು ಮನ್ಯಾಗೂ ಹಿಂಗ ಮಾಡ್ತೀರಿ. ಮಕ್ಕಳು ಸುಮ್ಮ ಕುಂದರ್ತಾವ."

ನಾನು ನಕ್ಕೆ. ಇಷ್ಟು ವರ್ಷದಲ್ಲಿ ನಾನು ಹೇಳಲಾರದೆ ಇದ್ದದ್ದನ್ನು ಅವರು ಮೂರು ಸುತ್ತಿನಲ್ಲಿ ಹೇಳಿದ್ದರು. ನಂಜುಂಡ ನಗಲಿಲ್ಲ.

ಕಡೆಗೆ ಅವರು ಕೊಟ್ಟದ್ದು ಅಂಗೈಯಗಲದ ಒಂದು ಪೆಟ್ಟಿಗೆ. ಒಳಗೆ ಐದು ಬಣ್ಣದ ಕಾರ್ಡುಗಳು, ಒಂದೊಂದು ಬಣ್ಣದಲ್ಲೂ ಒಂದರಿಂದ ಐದರವರೆಗೆ ಅಂಕಿ. ಒಂದರ ಅಂಕಿಯವು ಮೂರು ಮೂರು ಕಾರ್ಡು; ಎರಡು, ಮೂರು, ನಾಲ್ಕರ ಅಂಕಿಯವು ಎರಡೆರಡು; ಐದರದು ಮಾತ್ರ ಒಂದೇ. ಬಣ್ಣಬಣ್ಣದ ಬಾಣಬಿರುಸು ಹಾರಿಸುವ ಆಟವಂತೆ. ಎಲ್ಲರೂ ಸೇರಿ ಪ್ರತಿ ಬಣ್ಣವನ್ನೂ ಒಂದು, ಎರಡು, ಮೂರು ಎಂದು ಸಾಲಾಗಿ ಮೇಜಿನ ಮೇಲೆ ಕಟ್ಟುತ್ತ ಹೋಗಬೇಕು. ಇದರಲ್ಲೇನು ಮಹಾ ಅಂದುಕೊಳ್ಳುವಷ್ಟರಲ್ಲಿ ಅವರು ನನ್ನ ಕೈಗೆ ನಾಲ್ಕು ಕಾರ್ಡು ಕೊಟ್ಟು, ತಿರುಗಿಸಿ ಹಿಡಿಸಿದರು. ಅಂಕಿ ಎದುರಿನವರ ಕಡೆಗೆ, ಬೆನ್ನು ನನ್ನ ಕಡೆಗೆ. ನನ್ನ ಕಾರ್ಡು ಎಲ್ಲರಿಗೂ ಕಾಣುತ್ತದೆ, ನನಗೊಬ್ಬಳಿಗೆ ಕಾಣುವುದಿಲ್ಲ.

ಸರದಿ ಬಂದಾಗ ಮೂರರಲ್ಲಿ ಒಂದು ಮಾಡಬಹುದು. ನೀಲಿ ಬಿಲ್ಲೆಯೊಂದನ್ನು ಕೊಟ್ಟು ಇನ್ನೊಬ್ಬರಿಗೆ ಒಂದು ಸುಳಿವು ಹೇಳಬಹುದು. ಇಲ್ಲವೇ ತನ್ನದೊಂದು ಕಾರ್ಡನ್ನು ಎಸೆದು ಆ ಬಿಲ್ಲೆಯನ್ನು ವಾಪಸು ಗಳಿಸಬಹುದು. ಇಲ್ಲವೇ ಧೈರ್ಯ ಮಾಡಿ ಒಂದು ಕಾರ್ಡನ್ನು ಮೇಜಿಗೆ ಹಾಕಬಹುದು. ಹಾಕಿದ್ದು ತಪ್ಪಾದರೆ ಕೆಂಪು ಬಿಲ್ಲೆಯೊಂದು ಹೋಗುತ್ತದೆ, ಮೂರೂ ಹೋದರೆ ಆಟ ಮುಗಿಯಿತು. ಸುಳಿವಿಗೂ ಕಟ್ಟುಪಾಡು ಇದೆ. "ಇವೆರಡೂ ಕೆಂಪು" ಅನ್ನಬಹುದು, "ಇದೊಂದು ನಾಲ್ಕು" ಅನ್ನಬಹುದು. ಬಣ್ಣ ಅಥವಾ ಅಂಕಿ, ಎರಡರಲ್ಲಿ ಒಂದೇ. ಕೈಯಲ್ಲಿರುವ ಆ ಬಗೆಯ ಕಾರ್ಡುಗಳನ್ನೆಲ್ಲ ತೋರಿಸಬೇಕು. ಅದರಾಚೆ ಕೆಮ್ಮುವಂತಿಲ್ಲ.

"ನೀವು ಎಷ್ಟ ಶ್ಯಾಣ್ಯಾ ಇದ್ರೂ ನಿಮ್ಮ ಕಾರ್ಡು ನಿಮಗ ಕಾಣಂಗಿಲ್ಲ" ಎಂದರು ಶಂಕರಗೌಡರು ನಂಜುಂಡನಿಗೆ. "ಆ ಹುಡುಗ ಹೇಳಬೇಕು, ನಿಮ್ಮ ಮಗಳು ಹೇಳಬೇಕು. ಮಾತು ಕಮ್ಮಿ ಇರೋ ಮಂದಿಗೆ ಇದು ಛಲೋ. ಒಂದ ಮಾತು ಆಡಿದ್ರ ಸಾಕು, ಆದ್ರ ಅದನ್ನ ಆಡಲೇಬೇಕು. ಮಕ್ಕಳನ್ನ ಒಬ್ಬರ ಎದುರಿಗೆ ಒಬ್ಬರನ್ನ ಕುಂದರಸ್ರಿ. ನೀವು ಹೇಳಿಕೊಡಾಕ ಹೋಗಬ್ಯಾಡ್ರಿ."

ಹನ್ನೊಂದನೆಯ ಮಹಡಿ

ಶೈಲಜಾಳ ಅಪಾರ್ಟ್‌ಮೆಂಟಿನ ಗೇಟಿನ ವಿಷಯ ಹೆಚ್ಚು ಬರೆಯುವುದಿಲ್ಲ. ಸೆಕ್ಯೂರಿಟಿಯವನು ಒಡಿಶಾದವನು, ನಾನು ಚಿಕ್ಕಬಾಣಾವರದವಳು, ಇಬ್ಬರೂ ಹಿಂದಿಯಲ್ಲಿ ಮಾತಾಡಿದೆವು. ಹಿಂದಿಗೆ ಏನಾಯಿತೋ ದೇವರೇ ಬಲ್ಲ. ಫೋಟೊ ತೆಗೆದು ಒಳಗೆ ಬಿಟ್ಟ. ವೀಸಾ ಸಿಕ್ಕಿತು.

ಶೈಲಜಾಳ ಮನೆಯ ಬಾಲ್ಕನಿಯಿಂದ ವರ್ತೂರು ಕೆರೆ ಕಾಣುತ್ತದೆ. ನೀರಿನ ಮೇಲೆ ಬೆಳ್ಳಗೆ ನೊರೆ ಹರಡಿಕೊಂಡು ಗಾಳಿಗೆ ಹಾರುತ್ತಿತ್ತು. ಫಾರಿನ್ನಿನಲ್ಲಿ ಹಿಮ ಬೀಳುತ್ತದೆ ಅಂತಾರಲ್ಲ, ಅದನ್ನೂ ನೋಡಿದಂತಾಯಿತು. ವಾಸನೆ ಮಾತ್ರ ನಮ್ಮ ಕೈಗಾರಿಕಾ ಪ್ರದೇಶದ ಮೋರಿಯದೇ. ಶೈಲಜಾ ಕಿಟಕಿ ಮುಚ್ಚಿದಳು, ನಮ್ಮ ಕಡೆಯವರ ಹಾಗೆಯೇ ಎರಡೆರಡು ಸಲ ಬಡಿಸಿದಳು. ಊಟದುದ್ದಕ್ಕೂ ಅಭಯ್ ತಟ್ಟೆ ನೋಡಿಕೊಂಡು ಉಂಡ, ಚಿನ್ಮಯಿ ಅಪ್ಪನ ಅಂಗಿಯ ತುದಿ ಹಿಡಿದುಕೊಂಡು ಉಂಡಳು. ಹುಡುಗ ಒರಟನಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಉತ್ತರ ಮುಗಿದ ತಕ್ಷಣ ಬಾಗಿಲು ಹಾಕಿಕೊಳ್ಳುತ್ತಿದ್ದ.

ಕೈ ತೊಳೆದ ಮೇಲೆ ನಂಜುಂಡ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಅಂಗಡಿಯವರು ಹೇಳಿದಂತೆ ಮಕ್ಕಳನ್ನು ಎದುರುಬದುರು ಕೂರಿಸಿದೆವು. ಆಟದ ವಿಧಾನವನ್ನು ನಾನೇ ಹೇಳಿದೆ, ಅವನಿಗೆ ಬಿಡಲಿಲ್ಲ. ಕಾರ್ಡನ್ನು ತಿರುಗಿಸಿ ಹಿಡಿಯಬೇಕು ಎಂದಾಗ ಅಭಯ್ ಮೊದಲ ಸಲ ತಲೆ ಎತ್ತಿದ. "ಅಂದ್ರೆ ನನ್ ಕಾರ್ಡ್ಸ್ ನಂಗೇ ಗೊತ್ತಿರಲ್ವಾ?"

ಮೊದಲ ಕೆಲವು ಸುತ್ತು ಮಕ್ಕಳು ಸುಳಿವನ್ನೆಲ್ಲ ತಂತಮ್ಮ ಅಮ್ಮನಿಗೆ, ಅಪ್ಪನಿಗೇ ಕೊಟ್ಟರು. ಆಮೇಲೆ ಅಭಯನ ಸರದಿಯಲ್ಲಿ ಅವನು ಚಿನ್ಮಯಿಯ ಕೈಯಲ್ಲಿದ್ದ ಕಾರ್ಡುಗಳನ್ನು ಬಹಳ ಹೊತ್ತು ನೋಡಿದ. ಒಂದು ನೀಲಿ ಬಿಲ್ಲೆ ಸರಿಸಿ, ಅವಳ ತುದಿಯ ಕಾರ್ಡನ್ನು ತೋರಿಸಿ, "ಇದು ಐದು" ಎಂದ. ಅವನು ಅವಳಿಗೆ ಆಡಿದ ಮೊದಲ ಮಾತು ಅದು. ಶೈಲಜಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಚಿನ್ಮಯಿ ತನ್ನ ಸರದಿ ಬಂದ ಕೂಡಲೇ ಆ ಕಾರ್ಡನ್ನು ತೆಗೆದು ಮೇಜಿಗೆ ಹಾಕಿದಳು. ಹಸಿರು ಐದು. ಹಸಿರು ಸಾಲು ಇನ್ನೂ ಎರಡಕ್ಕೆ ಬಂದಿತ್ತು. ಕೆಂಪು ಬಿಲ್ಲೆ ಹೋಯಿತು, ಇದ್ದ ಒಂದೇ ಒಂದು ಹಸಿರು ಐದೂ ಹೋಯಿತು. ಇನ್ನು ಆ ಸಾಲು ಪೂರ್ತಿ ಆಗುವ ಹಾಗೇ ಇಲ್ಲ. ಅವಳ ಕೆಳತುಟಿ ಮುಂದೆ ಬಂತು. ಅದು ನಮ್ಮ ಮನೆತನದ ತುಟಿ, ಅದರ ಮುಂದೆ ಏನು ಬರುತ್ತದೆಂದು ನನಗೆ ಗೊತ್ತು.

"ಪರವಾಗಿಲ್ಲ ಪುಟ್ಟಾ" ಎಂದ ನಂಜುಂಡ. "ವಾಪಸ್ ತಗೋ. ಇದು ಲೆಕ್ಕಕ್ಕಿಲ್ಲ."

"ಇಲ್ಲ ಅಂಕಲ್" ಎಂದ ಅಭಯ್. "ಹಾಕಿದ್ರೆ ಹಾಕಿದ ಹಾಗೆ. ರೂಲ್ ಅಂದ್ರೆ ರೂಲ್."

"ಅಭಯ್" ಎಂದಳು ಶೈಲಜಾ ಮೆಲ್ಲಗೆ. ನಂಜುಂಡ ಕಾರ್ಡಿನತ್ತ ಚಾಚಿದ್ದ ಕೈಯನ್ನು ಹಾಗೇ ಮೇಜಿನ ಮೇಲೆ ಬಿಟ್ಟ. ಅವನ ಮುಖ ನೋಡಲಾಗಲಿಲ್ಲ. ಮದುವೆ ಆ ಹಸಿರು ಕಾರ್ಡಿನ ಜೊತೆ ಹೋಯಿತು ಎಂದೇ ನಾನೂ ಅಂದುಕೊಂಡೆ.

ಚಿನ್ಮಯಿ ಅಳಲಿಲ್ಲ. ಹುಡುಗನನ್ನು ನೆಟ್ಟಗೆ ನೋಡಿದಳು. "ನೀನು ಹಾಕು ಅಂತ ಹೇಳಿದ್ಯಾ, ಇಟ್ಕೋ ಅಂತ ಹೇಳಿದ್ಯಾ?"

"ಇಟ್ಕೋ ಅಂತ. ಐದು ಲಾಸ್ಟಲ್ಲಿ ತಾನೇ ಬರೋದು?"

"ಐದು ಅಂದೆ ಅಷ್ಟೇ. ನಂಗೆ ಹೇಗೆ ಗೊತ್ತಾಗ್ಬೇಕು?"

ಚೆಸ್ ಆಡುವ ಹುಡುಗ, ಯೋಚನೆ ಮಾಡಿದ. "ಸರಿ. ನೆಕ್ಸ್ಟ್ ಗೇಮಿಂದ ಐದು ಅಂತ ಹೇಳಿದ್ರೆ ಇಟ್ಕೋಬೇಕು. ಶುರುವಲ್ಲಿ ಒಂದು ಅಂತ ಹೇಳಿದ್ರೆ ಹಾಕ್ಬೇಕು. ಓಕೆನಾ?"

"ಬಣ್ಣ ಹೇಳಿದ್ರೆ?"

"ಬಣ್ಣ ಹೇಳಿದ್ರೆ..." ಅವನಿಗೂ ಗೊತ್ತಿರಲಿಲ್ಲ. ಇಬ್ಬರೂ ಮೇಜಿನ ಮೇಲೆ ಬಗ್ಗಿದರು. ಅದೇನು ಒಪ್ಪಂದವಾಯಿತೋ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ನಡೆಯಿತು. ದೊಡ್ಡವರು ಮೂವರೂ ಕೈಯಲ್ಲಿ ಕಾರ್ಡು ಹಿಡಿದುಕೊಂಡು, ಗುಡಿಯಲ್ಲಿ ಪೂಜಾರಿಗೆ ಕಾಯುವವರ ಹಾಗೆ ಕೂತಿದ್ದೆವು.

ಎರಡನೆಯ ಆಟದಲ್ಲಿ ಹೊಸ ತಕರಾರು ಬಂತು. ಚಿನ್ಮಯಿ ಒಂದು ಕಾರ್ಡಿನ ಮೇಲೆ ಬೆರಳಿಟ್ಟವಳು ಅಪ್ಪನ ಮುಖ ನೋಡಿ, ಬೆರಳನ್ನು ಪಕ್ಕದ ಕಾರ್ಡಿಗೆ ಸರಿಸಿದಳು. ಅಭಯ್ ಅದನ್ನು ನೋಡಿಬಿಟ್ಟ.

"ಅಂಕಲ್ ಹುಬ್ಬು ಎತ್ತುತಾರೆ."

"ನಾನಾ?" ಎಂದ ನಂಜುಂಡ, ಹುಬ್ಬು ಎತ್ತಿ.

"ಹೌದು, ಎತ್ತುತಾರೆ" ಎಂದಳು ಅವನ ಮಗಳು. "ತಪ್ಪಾದ್ರೆ ಎರಡೂ ಎತ್ತುತಾರೆ. ಚೌಕಾಬಾರದಲ್ಲೂ ಅಷ್ಟೇ. ಬೇಕಂತ ಸೋಲೋವಾಗ ಒಂದೇ ಎತ್ತುತಾರೆ. ನಂಗೆ ಗೊತ್ತು."

ನಂಜುಂಡ ಅಂಗೈಯಿಂದ ಹುಬ್ಬು ಸವರಿಕೊಂಡ. ಅಭಯ್ ಎದ್ದು ಒಳಗೆ ಹೋದ. ಮುನಿಸಿಕೊಂಡು ಹೋದನೋ ಎಂದು ನಾವು ಮುಖಮುಖ ನೋಡಿಕೊಳ್ಳುವಷ್ಟರಲ್ಲಿ ತನ್ನ ಕ್ರಿಕೆಟ್ ಟೋಪಿ ತಂದು ಚಿನ್ಮಯಿಯ ಕೈಗೆ ಕೊಟ್ಟ. ಅವಳು ಅದನ್ನು ಅಪ್ಪನ ತಲೆಗೆ ಹಾಕಿ, ಹುಬ್ಬು ಪೂರ್ತಿ ಮುಚ್ಚುವಂತೆ ಕೆಳಕ್ಕೆ ಎಳೆದಳು. ಅಭಯ್ ಬಗ್ಗಿ ನೋಡಿ, "ಇನ್ನೂ ಸ್ವಲ್ಪ" ಎಂದ. ಇನ್ನೂ ಸ್ವಲ್ಪ ಎಳೆದಳು. ಪೀಣ್ಯದ ಇನ್‌ಸ್ಪೆಕ್ಟರ್ ಸಾಹೇಬರು ಉಳಿದ ಮಧ್ಯಾಹ್ನವನ್ನೆಲ್ಲ ಹಾಗೇ ಕಳೆದರು. ಶೈಲಜಾ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಹೋದಳು. ಕಾಫಿ ತರುವಾಗ ಅವಳ ಕಣ್ಣು ಒದ್ದೆಯಾಗಿತ್ತು, ನಗುವಿನಿಂದಲೇ ಇರಬೇಕು.

ಆ ಆಟದಲ್ಲಿ ಹದಿನಾಲ್ಕು ಕಾರ್ಡು ಕಟ್ಟಿದೆವು. ಮುಂದಿನದರಲ್ಲಿ ಹದಿನೆಂಟು. ಎಲ್ಲ ಬಣ್ಣವೂ ಪೂರ್ತಿಯಾದರೆ ಇಪ್ಪತ್ತೈದು. ಅದು ಸುಲಭವಲ್ಲ ಎಂದು ಅಂಗಡಿಯವರು ಹೇಳಿದ್ದರು. ಮಕ್ಕಳಿಗೆ ಇಪ್ಪತ್ತೈದು ಬೇಕಿತ್ತು. ನನಗೆ ಬೆನ್ನು ನೆಟ್ಟಗೆ ಮಾಡಿದರೆ ಸಾಕಾಗಿತ್ತು. ಒಬ್ಬೊಬ್ಬರಾಗಿ ನಾನು, ಶೈಲಜಾ, ಕಡೆಗೆ ಟೋಪಿಯವನೂ ಮೇಜು ಬಿಟ್ಟೆವು. ಇಬ್ಬರೇ ಆಡಿದರೆ ಕೈಗೆ ಐದೈದು ಕಾರ್ಡು ಹಂಚಿಕೊಳ್ಳಬೇಕು ಎಂದು ಅಭಯ್ ಪೆಟ್ಟಿಗೆಯಲ್ಲಿದ್ದ ಹಾಳೆ ಓದಿ ಕಂಡುಹಿಡಿದ. ಅವರು ಹಂಚಿಕೊಂಡರು.

ಬೆಳಕು ಇಳಿಯುತ್ತ ಬಂತು. "ಪುಟ್ಟಾ, ಹೊರಡೋಣ" ಎಂದು ನಂಜುಂಡ ಕರೆದ.

"ಇಪ್ಪತ್ತೆರಡು ಆಗಿದೆ" ಎಂದಳು ಚಿನ್ಮಯಿ ತಿರುಗಿ ನೋಡದೆ.

ಶೈಲಜಾ ಅವಳ ಪಕ್ಕ ಕೂತು, "ನಾಳೆ ಭಾನುವಾರ. ಇಲ್ಲೇ ಇರ್ತೀಯಾ?" ಎಂದು ಕೇಳಿದಳು. ಒತ್ತಾಯವಿಲ್ಲದ ದನಿ. ಬಾಯಿಮಾತಿಗೆ ಕೇಳಿದ್ದು ಎಂದು ನಾನು ತಿಳಿದೆ. ನಂಜುಂಡನೂ ಹಾಗೇ ತಿಳಿದು, "ಅವಳು ಇರಲ್ಲ, ನನ್ ಬಿಟ್ಟು ಮಲಗಲ್ಲ" ಎನ್ನುತ್ತ ಅವಳ ಚಪ್ಪಲಿ ಹುಡುಕಲು ಹೋದ.

ಚಿನ್ಮಯಿ ಸ್ವಲ್ಪ ಯೋಚಿಸಿದಳು. "ನನ್ ಹತ್ರ ಬ್ರಷ್ ಇಲ್ಲ" ಎಂದಳು.

"ಕೆಳಗಡೆ ಅಂಗಡೀಲಿ ಸಿಗುತ್ತೆ" ಎಂದ ಅಭಯ್. "ನಿನ್ ಟರ್ನ್."

ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಂಜುಂಡ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಬೇಕಾಗಿದ್ದದ್ದು ಇದೇ, ಇದಕ್ಕೇ ವಾರವಿಡೀ ಊಟ ಬಿಟ್ಟಿದ್ದು. ಆದರೂ ಆ ಹೊತ್ತಿನಲ್ಲಿ ಅವನ ಮುಖ ಗೆದ್ದವನ ಮುಖದ ಹಾಗಿರಲಿಲ್ಲ. ಮಗಳು ಕಾರ್ಡಿನ ಮೇಲಿಂದ ಅವನ ಕಡೆ ನೋಡಿ, "ಅಪ್ಪ, ನೀವು ಹೋಗಿ. ಬೆಳಿಗ್ಗೆ ಬನ್ನಿ" ಎಂದಳು. ಅವನು ಚಪ್ಪಲಿಗಳನ್ನು ಜೋಡಿಸಿ, ಅಭಯನ ಶೂಗಳ ಪಕ್ಕಕ್ಕೆ ಇಟ್ಟ.

ಲಿಫ್ಟಿನವರೆಗೆ ಬಂದ ಶೈಲಜಾ, "ಇನ್ನು ಮಕ್ಕಳನ್ನ ಕೇಳೋದೇನೂ ಇಲ್ಲ ಅನ್ಸುತ್ತೆ" ಎಂದಳು. "ಬೆಳಿಗ್ಗೆ ತಿಂಡಿಗೆ ಬನ್ನಿ. ಅಕ್ಕನೂ ಬರ್ಬೇಕು. ದಿನ ನೋಡೋಣ." ನಂಜುಂಡ ತಲೆ ಆಡಿಸಿದ. ತಲೆಯ ಮೇಲೆ ಟೋಪಿ ಹಾಗೇ ಇತ್ತು, ಅವಳೇ ತೆಗೆದುಕೊಂಡಳು.

ವಾಪಸು

ಹೋಗುವಾಗ ಇಲ್ಲದಿದ್ದ ಟ್ರಾಫಿಕ್ಕೆಲ್ಲ ಬರುವಾಗ ನಮಗಾಗಿ ಕಾದಿತ್ತು. ಮೂವರು ಕೂರುವ ಸೀಟು ಸಿಕ್ಕಿತು. ನಾನು ಈ ತುದಿ, ಅವನು ಕಿಟಕಿಯ ಕಡೆ ಕೂತೆವು. ನಡುವೆ ಜಾಗ ಖಾಲಿ ಬಿಟ್ಟಿದ್ದೇವೆಂದು ಇಬ್ಬರಿಗೂ ಹೊಳೆಯಲಿಲ್ಲ. ಮದುವೆ ಎಲ್ಲಿ, ಯಾರನ್ನು ಕರೆಯಬೇಕು, ಅವನು ಅತ್ತ ಹೋಗುವುದೋ ಅವಳು ಇತ್ತ ಬರುವುದೋ, ನಾನು ಏನೇನೋ ಕೇಳಿದೆ. ಅವನು ಎಲ್ಲಕ್ಕೂ "ಹೂಂ" ಎಂದ.

ಕುಂದಲಹಳ್ಳಿ ಗೇಟಿನ ಹತ್ತಿರ ಕಂಡಕ್ಟರ್ ಬಂದ. ನಂಜುಂಡ ನೋಟು ಚಾಚಿ, "ಮೆಜೆಸ್ಟಿಕ್. ಎರಡು ಫುಲ್ಲು, ಒಂದು ಹಾಫು" ಎಂದ.

ಕಂಡಕ್ಟರ್ ಸೀಟಿನತ್ತ, ಸೀಟಿನ ಕೆಳಗೆ, ನನ್ನ ಮಡಿಲಿನತ್ತ ನೋಡಿದ. "ಹಾಫ್ ಯಾರಿಗೆ ಸಾರ್? ಮಗು ಎಲ್ಲಿ?"

ನಂಜುಂಡ ನಡುವಿನ ಖಾಲಿ ಜಾಗವನ್ನು ನೋಡಿದ. ನಾನು ಉತ್ತರ ಕೊಡಲು ಹೊರಟವಳು ತಡೆದುಕೊಂಡೆ.

"ಇಲ್ಲ, ಎರಡೇ ಕೊಡಿ" ಎಂದ ಅವನು. "ಮಗಳು ಮನೇಲಿದ್ದಾಳೆ."